ವೈಫೈ ಗುರುತು ಫುಲ್, ನೆಟ್ ಮಾತ್ರ ಇಲ್ಲ!

ಈ ಸಲದ ಪ್ರಶ್ನೆ ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಿಂದ ಬಂದಿದೆ. ಬರೆದವರು ಗೃಹಿಣಿ. ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ. ಮನೆಗೆ ಫೈಬರ್ ಇಂಟರ್‌ನೆಟ್ ಹಾಕಿಸಿ ಎಂಟು ತಿಂಗಳಾಗಿದೆ. ಅವರ ಮಾತಲ್ಲೇ ಹೇಳ್ತೀನಿ: "ಮಗಳ ಫೋನಲ್ಲಿ ವೈಫೈ ಗುರುತು ಫುಲ್ ಇರ್ತದೆ, ಆದ್ರೆ ಏನೂ ಓಪನ್ ಆಗಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಾಕೋಕೆ ರಾತ್ರಿ ಹತ್ತು ಗಂಟೆವರೆಗೂ ಕೂತ್ಕೊಂಡು ಸಾಕಾಯ್ತು. ಸರ್ವರ್ ಡೌನ್ ಅಂದ್ಕೊಂಡ್ವಿ. ಬೆಳಿಗ್ಗೆ ಬಸ್ ಹತ್ತಿ ನಂಜನಗೂಡಿಗೆ ಹೋಗಿ ಸೈಬರ್ ಸೆಂಟರಲ್ಲಿ ಹಾಕಿಸಿದ್ವಿ. ಅವತ್ತೇ ಕಡೇ ದಿನ. ನೆಟ್ ಹಾಕಿದ ಹುಡುಗನ್ನ ಕರೆಸಿದ್ರೆ, ಅವನು ಬಂದಾಗ ಎಲ್ಲಾ ಸರಿ ಇರ್ತದೆ. ದುಡ್ಡು ಕೊಟ್ಟು ಹಾಕಿಸಿದ ನೆಟ್ಟು ಬೇಕಾದಾಗ ಇಲ್ಲ ಅಂದ್ರೆ ಏನು ಮಾಡೋದು?"

ಇಂಥ ಪತ್ರಗಳಿಗೆ ಸುಮ್ಮನೆ "ರೂಟರ್ ಆಫ್ ಮಾಡಿ ಆನ್ ಮಾಡಿ" ಅಂತ ಬರೆದುಬಿಡಬಹುದು. ಆದರೆ ಇವರು ಅದನ್ನು ಆಗಲೇ ಹತ್ತು ಸಲ ಮಾಡಿದ್ದರು. ಹಾಗಾಗಿ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದೆ.

ಮೊದಲನೆಯದು, ನೆಟ್ ಇಲ್ಲದಾಗ ಮನೆಯ ಎಲ್ಲ ಫೋನಿಗೂ ಇಲ್ಲವೋ, ಒಂದಕ್ಕೆ ಮಾತ್ರವೋ? "ನನ್ ಫೋನಲ್ಲಿ ಬರ್ತದೆ ಮೇಡಂ, ಅವಳದ್ರಲ್ಲಿ ಮಾತ್ರ ಇಲ್ಲ. ನಾನು ಅವಳ ಫೋನೇ ಹಾಳಾಗಿದೆ ಅಂದ್ಕೊಂಡಿದ್ದೆ" ಅಂದರು. ಒಂದೇ ಕೋಣೆಯಲ್ಲಿ ಕೂತ ಎರಡು ಫೋನುಗಳಲ್ಲಿ ಒಂದಕ್ಕೆ ನೆಟ್ ಇದ್ದು ಇನ್ನೊಂದಕ್ಕೆ ಇಲ್ಲ ಅಂದರೆ, ಮನೆಗೆ ಬರುವ ಲೈನಿನಲ್ಲಿ ತೊಂದರೆ ಇಲ್ಲ ಅಂತಲೇ ಅರ್ಥ. ಕರೆಸಿದ ಹುಡುಗ "ನಮ್ ಕಡೆಯಿಂದ ಸರಿ ಇದೆ" ಅಂದದ್ದು ನಿಜವೇ.

ಎರಡನೆಯದು, ಇದು ಆಗೋದು ಯಾವಾಗ? ಅವರು ಸ್ವಲ್ಪ ಯೋಚಿಸಿ ಹೇಳಿದರು: "ಸಾಯಂಕಾಲವೇ ಜಾಸ್ತಿ. ಕರೆಂಟ್ ಹೋಗಿ ಬಂತು ಅಂದ್ರೆ ಮುಗೀತು."

ಈ ಎರಡು ಉತ್ತರ ಸಿಕ್ಕ ಮೇಲೆ ಅನುಮಾನ ಒಂದೇ ಕಡೆ ತಿರುಗಿತು. ಮುಂದಿನ ಸಲ ಹೀಗಾದಾಗ ಏನನ್ನೂ ಆಫ್ ಮಾಡದೆ, ಮಗಳ ಫೋನಿನ ವೈಫೈ ಪಟ್ಟಿ ತೆರೆದು, ಮೇಲೆ ಕಾಣುವ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳಿ ಅಂದೆ. ಎರಡು ದಿನ ಬಿಟ್ಟು ಸಂಜೆ ಫೋನ್ ಬಂತು. ಅವರ ಮನೆಯ ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿದ್ದ ಹೆಸರು FTTH-4A7C. ಮಗಳ ಫೋನು ಸೇರಿಕೊಂಡಿದ್ದು FTTH-4A1C. ಏಳು ಇರಬೇಕಾದ ಕಡೆ ಒಂದು. ಅವಸರದಲ್ಲಿ ನೋಡಿದವರಿಗೆ ಎರಡೂ ಒಂದೇ.

ಆ ಇನ್ನೊಂದು ಯಾರದು?

ಪಕ್ಕದ ಮನೆಯದು. ಪಕ್ಕದ ಮನೆ ಅಂದರೆ ಅವರ ಭಾವನವರ ಮನೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಇಬ್ಬರೂ ಒಂದೇ ವಾರದಲ್ಲಿ, ಒಬ್ಬರೇ ಆಪರೇಟರ್ ಹತ್ತಿರ ನೆಟ್ ಹಾಕಿಸಿದ್ದರು. ಒಂದೇ ಮಾದರಿಯ ರೂಟರ್. ಕಂಪನಿಯಿಂದ ಬರುವಾಗಲೇ ಇಟ್ಟ ಹೆಸರನ್ನು ಯಾರೂ ಬದಲಾಯಿಸಿರಲಿಲ್ಲ. ಒಂದೇ ಪೆಟ್ಟಿಗೆಯಿಂದ ತೆಗೆದ ರೂಟರುಗಳ ಹೆಸರು ಹೀಗೆ ಕೊನೆಯ ಒಂದೆರಡು ಅಕ್ಷರದಲ್ಲಿ ಮಾತ್ರ ಬೇರೆ ಇರುವುದು ಮಾಮೂಲು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಹೆಸರು ಹತ್ತಿರ ಹತ್ತಿರ ಇದ್ದರೆ ನಮಗೆ ಗೊಂದಲ, ಫೋನಿಗೆ ಅಲ್ಲ. ಫೋನಿಗೆ 4A7C ಬೇರೆ, 4A1C ಬೇರೆ. ದೊಡ್ಡಕ್ಷರ ಚಿಕ್ಕಕ್ಷರ ಬದಲಾದರೂ, ನಡುವೆ ಒಂದು ಖಾಲಿ ಜಾಗ ಹೆಚ್ಚಾದರೂ ಅದಕ್ಕೆ ಬೇರೆಯೇ. ಹಾಗಾದರೆ ಮಗಳ ಫೋನು ದೊಡ್ಡಪ್ಪನ ಮನೆಯ ವೈಫೈಗೆ ತಾನಾಗಿ ಹೋಗಿದ್ದು ಹೇಗೆ? ಒಂದು ಸಲ ಯಾರೋ ಕೈಯಾರೆ ಸೇರಿಸಿದ್ದರಿಂದ. ಫೋನು ಗುರುತೇ ಇಲ್ಲದ ಮನೆಗೆ ತಾನಾಗಿ ನುಗ್ಗುವುದು ಅಪರೂಪ. ಒಂದು ಸಲ ಕರೆದುಕೊಂಡು ಹೋದ ಮನೆಯನ್ನು ಮಾತ್ರ ಮರೆಯೋದಿಲ್ಲ.

ನೆನಪು ಮಾಡಿಕೊಂಡಾಗ ಸಂಗತಿ ಹೊರಗೆ ಬಂತು. ನಾಲ್ಕು ತಿಂಗಳ ಹಿಂದೆ ಭಾವನ ಮಗಳ ಮದುವೆ. ಮನೆ ತುಂಬಾ ನೆಂಟರು. ಬಂದವರೆಲ್ಲ ಪಾಸ್‌ವರ್ಡ್ ಕೇಳುತ್ತಿದ್ದರು ಅಂತ ಭಾವನ ಮಗ ಪಾಸ್‌ವರ್ಡನ್ನೇ ತೆಗೆದುಬಿಟ್ಟ. ಇವರ ಮಗಳೂ ಆ ನಾಲ್ಕು ದಿನ ಅಲ್ಲೇ ಇದ್ದಳು, ಸೇರಿಸಿಕೊಂಡಳು. ಮದುವೆ ಮುಗಿಯಿತು, ಮಗ ಕೆಲಸಕ್ಕೆ ಬೆಂಗಳೂರಿಗೆ ಹೋದ. ಪಾಸ್‌ವರ್ಡ್ ಮತ್ತೆ ಹಾಕಲೇ ಇಲ್ಲ. ಅವನಿಲ್ಲದ ಮೇಲೆ ಅಲ್ಲಿ ನೆಟ್ ಬಳಸುವವರೂ ಇಲ್ಲ ಅಂತ ರೀಚಾರ್ಜ್ ಕೂಡ ನಿಲ್ಲಿಸಿದರು. ಆದರೆ ರೂಟರಿನ ಸ್ವಿಚ್ ಆನ್ ಆಗಿಯೇ ಉಳಿಯಿತು. ಅದಕ್ಕೆ ಒಂದು ಪುಟ್ಟ ಯುಪಿಎಸ್ ಬೇರೆ ಇತ್ತು.

ರೀಚಾರ್ಜ್ ಮುಗಿದ ರೂಟರ್ ಸುಮ್ಮನೆ ಕೂರೋದಿಲ್ಲ. ವಿದ್ಯುತ್ ಇರುವವರೆಗೂ ಅದು ತನ್ನ ಹೆಸರನ್ನು ಸೆಕೆಂಡಿಗೆ ಹತ್ತು ಸಲದ ಲೆಕ್ಕದಲ್ಲಿ ಸುತ್ತಲೂ ಸಾರುತ್ತಲೇ ಇರುತ್ತದೆ. ಸಿಗ್ನಲ್ ಗುರುತು ಫುಲ್ ತೋರಿಸುವುದು ಫೋನಿಗೂ ರೂಟರಿಗೂ ನಡುವಿನ ದೂರಕ್ಕೆ ಸಂಬಂಧಪಟ್ಟದ್ದು. ಆ ರೂಟರಿನ ಆಚೆ ಇಂಟರ್‌ನೆಟ್ ಇದೆಯೋ ಇಲ್ಲವೋ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಲ್ಲಿ ಇದೆ, ತಿರುಗಿಸಿದರೆ ತಿರುಗುತ್ತದೆ, ನೀರು ಮಾತ್ರ ಬಿಟ್ಟಿಲ್ಲ. ಅಷ್ಟೇ.

ಕರೆಂಟ್ ಹೋದಾಗ ನಡೆಯೋದು ಇಷ್ಟು

ಸಂಜೆ ಏಳಕ್ಕೆ ಕರೆಂಟ್ ಹೋಯಿತು ಅಂದುಕೊಳ್ಳಿ. ಇವರ ರೂಟರ್ ಆ ಕ್ಷಣವೇ ಆರಿತು. ಮಗಳ ಫೋನು ತನಗೆ ನೆನಪಿರುವ ಹೆಸರು ಬೇರೆ ಯಾವುದಾದರೂ ಹತ್ತಿರದಲ್ಲಿ ಇದೆಯೇ ಅಂತ ಹುಡುಕುತ್ತದೆ. ಗೋಡೆಯಾಚೆ ಯುಪಿಎಸ್ ಮೇಲೆ ನಡೆಯುತ್ತಿರುವ FTTH-4A1C ಸಿಗುತ್ತದೆ. ಪಾಸ್‌ವರ್ಡ್ ಇಲ್ಲ, ಕೇಳುವವರಿಲ್ಲ, ಹೋಗಿ ಸೇರಿಕೊಳ್ಳುತ್ತದೆ. ಹತ್ತು ನಿಮಿಷದ ಮೇಲೆ ಕರೆಂಟ್ ಬಂತು. ಇವರ ರೂಟರ್ ಪೂರ್ತಿ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಅದು ಎದ್ದ ಮೇಲಾದರೂ ಫೋನು ವಾಪಸ್ ಬರಬೇಕಲ್ಲ? ಬರಲೇಬೇಕು ಅಂತೇನಿಲ್ಲ. ಈಗ ಹಿಡಿದಿರುವ ಸಿಗ್ನಲ್ ಚೆನ್ನಾಗಿದ್ದರೆ ಫೋನು ಅದನ್ನು ಬಿಟ್ಟು ಓಡಾಡೋದಿಲ್ಲ. ಮಗಳು ಓದಲು ಕೂರುವುದು ಆ ಗೋಡೆಯ ಪಕ್ಕದ ಕೋಣೆಯಲ್ಲಿ. ಇವರ ರೂಟರ್ ಇರುವುದು ಮುಂದಿನ ಹಜಾರದಲ್ಲಿ, ನಡುವೆ ಎರಡು ಗೋಡೆ. ಆ ಕೋಣೆಯಲ್ಲಿ ದೊಡ್ಡಪ್ಪನ ಮನೆಯ ಸಿಗ್ನಲ್ಲೇ ಜೋರು.

ಬೆಳಿಗ್ಗೆ ಮಗಳು ಕಾಲೇಜಿಗೆ ಹೋಗುತ್ತಾಳೆ, ಎರಡು ಸಂಪರ್ಕವೂ ಬಿಟ್ಟುಹೋಗುತ್ತದೆ. ಮಧ್ಯಾಹ್ನ ಮನೆಯೊಳಗೆ ಬರುವಾಗ ಮೊದಲು ಹಜಾರದ ರೂಟರ್ ಸಿಗುತ್ತದೆ, ಸರಿಯಾಗಿ ಸೇರಿಕೊಳ್ಳುತ್ತದೆ. ಅದೇ ಹೊತ್ತಿಗೆ ಆಪರೇಟರ್ ಹುಡುಗ ಬಂದು ನೋಡಿದರೆ ಎಲ್ಲ ಸರಿ. ಈ ತೊಂದರೆ ಬಂದು ಬಂದು ಮಾಯವಾಗುತ್ತಿದ್ದ ಗುಟ್ಟು ಇದೇ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ವೈಫೈಯಲ್ಲಿ ನೆಟ್ ಇಲ್ಲ ಅಂತ ಫೋನಿಗೆ ಗೊತ್ತಾಗೋದಿಲ್ಲವೇ?

ಗೊತ್ತಾಗುತ್ತದೆ, ಬಾಯಿ ಮುಚ್ಚಿಸಿದ್ದು ನಾವೇ

ಯಾವ ವೈಫೈಗೆ ಸೇರಿದರೂ ಫೋನು ತಕ್ಷಣ ಒಂದು ಸಣ್ಣ ಪರೀಕ್ಷೆ ಮಾಡುತ್ತದೆ. ಆಂಡ್ರಾಯ್ಡ್ ಫೋನು ಗೂಗಲ್‌ನ ಒಂದು ಪುಟ್ಟ ವಿಳಾಸವನ್ನೂ, ಐಫೋನು ಆಪಲ್‌ನ ಒಂದು ಪುಟ್ಟ ಪುಟವನ್ನೂ ಕೇಳಿ ನೋಡುತ್ತವೆ. ನಿರೀಕ್ಷಿಸಿದ ಉತ್ತರ ಬಂದರೆ ನೆಟ್ ಇದೆ. ಬರಲಿಲ್ಲ ಅಂದರೆ ವೈಫೈ ಗುರುತಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ, ಹೆಸರಿನ ಕೆಳಗೆ ಇಂಟರ್‌ನೆಟ್ ಇಲ್ಲ ಅಂತ ಸಣ್ಣಕ್ಷರದಲ್ಲಿ ಬರುತ್ತದೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಆಂಡ್ರಾಯ್ಡ್ ಫೋನು ಸಿಮ್‌ನ ಡೇಟಾ ಆನ್ ಇದ್ದರೆ ಅದರಿಂದ ಕೆಲಸ ನಡೆಸಿಕೊಂಡು ಹೋಗುತ್ತದೆ, ನಮಗೆ ಗೊತ್ತೇ ಆಗೋದಿಲ್ಲ.

ಆದರೆ ಅದಕ್ಕೂ ಮೊದಲು ಎಷ್ಟೋ ಫೋನುಗಳು ಒಂದು ಮಾತು ಕೇಳುತ್ತವೆ: ಈ ನೆಟ್‌ವರ್ಕಿನಲ್ಲಿ ಇಂಟರ್‌ನೆಟ್ ಇಲ್ಲ, ಆದರೂ ಇದರಲ್ಲೇ ಇರಲೇ? ಅದರ ಕೆಳಗೆ ಒಂದು ಚೌಕ, ಮತ್ತೆ ಕೇಳಬೇಡ ಅಂತ. ಮದುವೆ ಮನೆಯಲ್ಲಿ ನಲವತ್ತು ಜನ ಒಂದೇ ರೂಟರಿಗೆ ನೇತುಬಿದ್ದಾಗ ನೆಟ್ ಆಗಾಗ ನಿಂತುಹೋಗುತ್ತಿತ್ತು. ಆಗ ಈ ಪ್ರಶ್ನೆ ಪದೇ ಪದೇ ಬಂದಿದೆ. ಮಗಳು ಬೇಸತ್ತು ಚೌಕಕ್ಕೆ ಗುರುತು ಹಾಕಿ ಹೌದು ಅಂತ ಒತ್ತಿದ್ದಾಳೆ. ಆ ವಯಸ್ಸಿನ ಯಾರಾದರೂ ಅದನ್ನೇ ಮಾಡುತ್ತಿದ್ದರು. ಅಂದಿನಿಂದ ಫೋನಿನ ಲೆಕ್ಕದಲ್ಲಿ FTTH-4A1C ಅಂದರೆ "ನೆಟ್ ಇಲ್ಲದಿದ್ದರೂ ಪರವಾಗಿಲ್ಲ, ಇಲ್ಲೇ ಇರು ಅಂತ ಯಜಮಾನರು ಹೇಳಿದ ಜಾಗ". ಆಮೇಲೆ ಅದು ಕೇಳೋದಿಲ್ಲ, ಸಿಮ್ ಡೇಟಾಕ್ಕೂ ಹೋಗೋದಿಲ್ಲ, ಮನೆಯ ವೈಫೈಗೂ ಬರೋದಿಲ್ಲ. ಅರ್ಜಿಯ ಪುಟ ರಾತ್ರಿ ಹತ್ತರವರೆಗೂ ಸುತ್ತುತ್ತಲೇ ಇದ್ದದ್ದು ಹೀಗೆ. ಸರ್ವರ್ ಡೌನ್ ಆಗಿದ್ದರೆ ಬೇರೆ ಪುಟಗಳಾದರೂ ತೆರೆಯಬೇಕಿತ್ತು. ಇಲ್ಲಿ ಯಾವ ಪುಟವೂ ತೆರೆಯುತ್ತಿರಲಿಲ್ಲ.

ಅರ್ಜೆಂಟಿನಲ್ಲಿ ಇದ್ದಾಗ ಇದಕ್ಕೆ ಹತ್ತು ಸೆಕೆಂಡಿನ ಉಪಾಯ ಇದೆ: ವೈಫೈಯನ್ನೇ ಆಫ್ ಮಾಡಿ, ಸಿಮ್ ಡೇಟಾದಲ್ಲಿ ಕೆಲಸ ಮುಗಿಸಿ. ಅದು ಅವತ್ತಿನ ಕೆಲಸಕ್ಕೆ ಸಾಕು. ರೋಗಕ್ಕೆ ಮದ್ದು ಬೇರೆ.

ಮರೆಸುವುದು ಹೇಗೆ

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ವೈಫೈ ಪಟ್ಟಿ ತೆರೆಯಿರಿ. ಬೇಡದ ಹೆಸರಿನ ಪಕ್ಕದ ಹಲ್ಲುಚಕ್ರದ ಚಿತ್ರ ಅಥವಾ ಬಾಣದ ಗುರುತು ಒತ್ತಿದರೆ Forget ಅಂತ ಸಿಗುತ್ತದೆ. ಅದನ್ನು ಒತ್ತಿದರೆ ಹೆಸರೂ ಹೋಯಿತು, ಅಂದು ಹಾಕಿದ ಚೌಕದ ಗುರುತೂ ಹೋಯಿತು. ಹೆಸರು ಈಗ ಹತ್ತಿರದಲ್ಲಿ ಇಲ್ಲದಿದ್ದರೆ ಅದೇ ಪುಟದ ಕೆಳಗೆ ಅಥವಾ ಮೂರು ಚುಕ್ಕಿಯ ಒಳಗೆ Saved networks ಅಂತ ಪಟ್ಟಿ ಇರುತ್ತದೆ. ಕಂಪನಿಯಿಂದ ಕಂಪನಿಗೆ ಜಾಗ ಸ್ವಲ್ಪ ಬದಲಾಗುತ್ತದೆ, ಪಟ್ಟಿ ಮಾತ್ರ ಎಲ್ಲದರಲ್ಲೂ ಉಂಟು. ಐಫೋನಿನಲ್ಲಿ ಹೆಸರಿನ ಪಕ್ಕದ i ಒತ್ತಿ Forget This Network. ಐಒಎಸ್ 16 ಮತ್ತು ಆಮೇಲಿನ ಆವೃತ್ತಿಗಳಲ್ಲಿ ವೈಫೈ ಪುಟದ ಮೇಲೆ Edit ಒತ್ತಿದರೆ ಹಳೆಯ ಹೆಸರುಗಳೆಲ್ಲ ಒಟ್ಟಿಗೆ ಕಾಣುತ್ತವೆ.

ಬಿಳಿಗೆರೆಯ ಹುಡುಗಿ ಆ ಪಟ್ಟಿ ತೆರೆದಾಗ ಇಪ್ಪತ್ತಕ್ಕೂ ಹೆಚ್ಚು ಹೆಸರಿದ್ದವಂತೆ. ಮೈಸೂರಿನ ಅತ್ತೆ ಮನೆ, ಕಲ್ಯಾಣ ಮಂಟಪ, ಒಂದು ಹೋಟೆಲು, ರೈಲು ನಿಲ್ದಾಣದ RailWire. ಇದರಲ್ಲಿ ಬೀಗದ ಗುರುತು ಇಲ್ಲದ ಹೆಸರುಗಳನ್ನು, ಅಂದರೆ ಪಾಸ್‌ವರ್ಡ್ ಇಲ್ಲದವನ್ನು, ಎಲ್ಲವನ್ನೂ ಅಳಿಸಿಬಿಡಿ ಅಂತ ಹೇಳಿದೆ. ಕಾರಣ ಇದೆ. ಪಾಸ್‌ವರ್ಡ್ ಇರುವ ವೈಫೈಯಲ್ಲಿ ಸೇರುವ ಮುಂಚೆ ಫೋನೂ ರೂಟರೂ ತಮ್ಮಿಬ್ಬರಿಗೂ ಗೊತ್ತಿರುವುದು ಒಂದೇ ಪಾಸ್‌ವರ್ಡ್ ಅಂತ ಖಾತ್ರಿ ಮಾಡಿಕೊಳ್ಳುತ್ತವೆ. ಬೇರೆಯವರು ಅದೇ ಹೆಸರು ಇಟ್ಟುಕೊಂಡರೂ ಅಲ್ಲಿ ಆಟ ನಡೆಯೋದಿಲ್ಲ. ಪಾಸ್‌ವರ್ಡ್ ಇಲ್ಲದ ವೈಫೈಗೆ ಹೆಸರೊಂದೇ ಗುರುತು. ಮೈಸೂರಿನ ನಿಲ್ದಾಣದಲ್ಲಿ ಸೇರಿಸಿದ ಓಪನ್ ಹೆಸರನ್ನು ನಾಳೆ ಇನ್ಯಾರೋ ತಮ್ಮ ರೂಟರಿಗೆ ಇಟ್ಟು ಪಾಸ್‌ವರ್ಡ್ ಇಲ್ಲದೆ ಬಿಟ್ಟರೆ, ಫೋನಿಗೆ ಅದೇ ನಿಲ್ದಾಣ. ಆಸ್ಟ್ರೇಲಿಯಾದಲ್ಲಿ ವಿಮಾನ ನಿಲ್ದಾಣಗಳಲ್ಲಿ, ವಿಮಾನದೊಳಗೂ, ಅಸಲಿಯಂತೆ ಕಾಣುವ ನಕಲಿ ವೈಫೈ ಹಾಕಿ ಜನರ ಪಾಸ್‌ವರ್ಡ್ ದೋಚುತ್ತಿದ್ದ ಎಂಬ ಆರೋಪದ ಮೇಲೆ ಒಬ್ಬನ ವಿರುದ್ಧ 2024ರಲ್ಲಿ ಅಲ್ಲಿಯ ಫೆಡರಲ್ ಪೊಲೀಸರು ಮೊಕದ್ದಮೆ ಹೂಡಿದರು. ನಮ್ಮ ಪಕ್ಕದ ಮನೆಯ ರೂಟರು ಅಂಥದ್ದೇನಲ್ಲ. ಆದರೆ ಫೋನು ಎರಡನ್ನೂ ಒಂದೇ ರೀತಿ ನಂಬುತ್ತದೆ ಅನ್ನೋದು ಗೊತ್ತಿರಲಿ.

ಅತ್ತೆ ಮನೆಯ ವೈಫೈಯಂಥದ್ದು ಬೇಕು, ಆದರೆ ತಾನಾಗಿ ಸೇರಬಾರದು ಅಂತಿದ್ದರೆ ಅಳಿಸಬೇಕಿಲ್ಲ. ಅದೇ ಹೆಸರಿನ ಒಳಗೆ Auto-connect, ಸ್ಯಾಮ್ಸಂಗ್‌ನಲ್ಲಿ Auto reconnect, ಐಫೋನಿನಲ್ಲಿ Auto-Join ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಆರಿಸಿದರೆ ನೀವು ಒತ್ತಿದಾಗ ಮಾತ್ರ ಸೇರುತ್ತದೆ.

ಇನ್ನೊಂದು ಮಾತು. ಹೊಸ ಫೋನು ತಗೊಂಡರೆ ಇದೆಲ್ಲ ತಾನಾಗಿ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಹಳೆಯ ಫೋನಿನ ಬ್ಯಾಕಪ್ ಹೊಸದಕ್ಕೆ ಹಾಕಿಕೊಂಡಾಗ ಫೋಟೊ, ನಂಬರುಗಳ ಜೊತೆ ವೈಫೈ ಹೆಸರುಗಳೂ ಬಂದು ಕೂರುತ್ತವೆ.

ಎರಡೂ ಮನೆಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇದ್ದರೆ?

ಇದು ಇನ್ನೂ ಕಷ್ಟದ ಪ್ರಸಂಗ. ರೂಟರ್ ಹಾಕುವವರು ತಮಗೆ ನೆನಪಿರಲಿ ಅಂತ ಹೋದ ಮನೆಗೆಲ್ಲ Home ಅಂತ ಹೆಸರು, 12345678 ಅಂತ ಪಾಸ್‌ವರ್ಡ್ ಇಟ್ಟು ಹೋಗುವುದುಂಟು. ಆಗ ಫೋನಿಗೆ ಎರಡು ಮನೆಯೂ ಒಂದೇ. ದೊಡ್ಡ ಮನೆಯಲ್ಲಿ ಒಂದೇ ಹೆಸರಿನ ಎರಡು ಪೆಟ್ಟಿಗೆ ಇದ್ದ ಹಾಗೆ ತಿಳಿದು, ಎಲ್ಲಿ ಸಿಗ್ನಲ್ ಜೋರೋ ಅಲ್ಲಿಗೆ ಜಾರುತ್ತದೆ. ಪಟ್ಟಿಯಲ್ಲೂ ಹೆಸರು ಒಂದೇ ಸಲ ಕಾಣುವುದರಿಂದ ಓದಿ ಕಂಡುಹಿಡಿಯಲು ಆಗೋದಿಲ್ಲ. ಅಳಿಸಿದರೆ ನಮ್ಮದೂ ಅಳಿದುಹೋಗುತ್ತದೆ.

ಇಲ್ಲಿ ಕೆಲಸಕ್ಕೆ ಬರುವುದು ಸ್ವಿಚ್ ಪರೀಕ್ಷೆ. ನಿಮ್ಮ ರೂಟರಿನ ಸ್ವಿಚ್ ಆರಿಸಿ, ಒಂದು ನಿಮಿಷ ಕಾಯಿರಿ, ಫೋನಿನಲ್ಲಿ ವೈಫೈ ಗುರುತು ನೋಡಿ. ಗುರುತು ಹೋಗಿದ್ದರೆ ನಿಮ್ಮ ಫೋನಿಗೆ ಅಕ್ಕಪಕ್ಕದಲ್ಲಿ ಬೇರೆ ಗುರುತಿನ ಮನೆ ಇಲ್ಲ. ರೂಟರ್ ಆರಿದ ಮೇಲೂ ಗುರುತು ಇದ್ದರೆ ಫೋನು ಇನ್ಯಾರದೋ ಮನೆಯಲ್ಲಿ ಕೂತಿದೆ. ಮೊದಲಿನಿಂದಲೇ ಅಲ್ಲಿತ್ತೋ, ಈಗ ಜಾರಿತೋ, ಎರಡೂ ಒಂದೇ ಲೆಕ್ಕ. ಆ ಮನೆಯ ದಾರಿ ಅದಕ್ಕೆ ಗೊತ್ತಿದೆ ಅಂತ ಸಾಬೀತಾಯಿತು. ಮನೆಯ ಪ್ರತಿ ಫೋನಿನಲ್ಲೂ, ಮುಖ್ಯವಾಗಿ ಪಕ್ಕದ ಮನೆಗೆ ಅಂಟಿದ ಕೋಣೆಯಲ್ಲಿ ನಿಂತು, ಇದನ್ನು ಮಾಡಿ ನೋಡಬೇಕು. ಮುಂದಿನ ಕೋಣೆಯಲ್ಲಿ ಮಾಡಿದರೆ ಪಕ್ಕದ ಸಿಗ್ನಲ್ ಸಿಗದೇ ತಪ್ಪು ಉತ್ತರ ಬರಬಹುದು.

ಇದಕ್ಕೆ ಪರಿಹಾರ ನಿಮ್ಮ ರೂಟರಿನ ಹೆಸರು, ಪಾಸ್‌ವರ್ಡ್ ಎರಡನ್ನೂ ಬದಲಾಯಿಸುವುದು. ಮನೆಯ ವೈಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ ರೂಟರಿನ ಚೀಟಿಯ ಮೇಲಿರುವ ವಿಳಾಸ ಹಾಕಬೇಕು. ಬಹಳ ರೂಟರುಗಳಿಗೆ ಅದು 192.168.1.1 ಅಥವಾ 192.168.0.1. ಒಳಗೆ ಹೋಗುವ ಹೆಸರು, ಪಾಸ್‌ವರ್ಡ್ ಕೂಡ ಚೀಟಿಯಲ್ಲೇ ಇರುತ್ತದೆ. ಆಪರೇಟರ್ ಬದಲಾಯಿಸಿದ್ದರೆ ಅವರನ್ನೇ ಕೇಳಿ. ಒಳಗೆ WLAN ಅಥವಾ Wireless ಅನ್ನುವ ಕಡೆ SSID ಅಂತ ಇರುವುದೇ ಹೆಸರು. ಅಲ್ಲೇ ಭದ್ರತೆಯ ಬಗೆ WPA2 ಅಥವಾ WPA3 ಇರಲಿ, Open ಇರಬಾರದು. ಇಷ್ಟು ಬೇಡ ಅನ್ನಿಸಿದರೆ ಆಪರೇಟರ್ ಹುಡುಗನಿಗೆ "ಹೆಸರು ಬದಲಾಯಿಸಿಕೊಡಪ್ಪ" ಅಂದರೆ ಐದು ನಿಮಿಷದ ಕೆಲಸ.

ಹೆಸರು ಯಾವುದಿಡಬೇಕು? ದೂರದಿಂದ ನೋಡಿದರೂ ನಮ್ಮದು ಅಂತ ಗೊತ್ತಾಗಬೇಕು, ಕೊನೆಯ ಅಂಕಿಯ ಮೇಲೆ ನಿಲ್ಲಬಾರದು. Home, Guest, WiFi ಇವು ಬೇಡ, ಊರಲ್ಲಿ ಹತ್ತು ಜನ ಇಟ್ಟಿರುತ್ತಾರೆ. ಫೋನ್ ನಂಬರ್ ಬೇಡ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಕನ್ನಡದಲ್ಲೇ ಇಡಬಹುದೇ ಅಂತ ಕೆಲವರು ಕೇಳುತ್ತಾರೆ. ಹೆಸರಿಗೆ ಇರುವ ಜಾಗ 32 ಬೈಟ್. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಆದರೆ ಕನ್ನಡದಲ್ಲಿ ಅಕ್ಷರಕ್ಕೂ, ಗುಣಿತದ ಚಿಹ್ನೆಗೂ ತಲಾ ಮೂರು. ಹಾಗಾಗಿ ನಾಲ್ಕೈದು ಅಕ್ಷರದ ಚಿಕ್ಕ ಹೆಸರು ಹಿಡಿಸುತ್ತದೆ, ಆದರೆ ಹಳೆಯ ಟಿವಿ, ಪ್ರಿಂಟರುಗಳು ಅದನ್ನು ಗೀಚಿದಂತೆ ತೋರಿಸಬಹುದು. ಬಿಳಿಗೆರೆಯವರು ಹಿತ್ತಲಲ್ಲಿ ಇರುವ ಮರದ ಹೆಸರನ್ನು ಇಂಗ್ಲಿಷಿನಲ್ಲಿ Nerale_mara ಅಂತ ಇಟ್ಟರು.

ಹೆಸರು ಬದಲಾಯಿಸಿದ ದಿನ ಮನೆಯ ಟಿವಿ, ಕ್ಯಾಮೆರಾ, ಎಲ್ಲ ಫೋನನ್ನೂ ಮತ್ತೆ ಒಂದೊಂದಾಗಿ ಸೇರಿಸಬೇಕಾಗುತ್ತದೆ, ಅದಕ್ಕೆ ಅರ್ಧ ಗಂಟೆ ಬಿಡುವಿಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ರೂಟರ್ ಕೆಟ್ಟು ಹೊಸದು ಬಂದರೆ ಇದೇ ಹೆಸರು, ಇದೇ ಪಾಸ್‌ವರ್ಡ್, ಒಂದಕ್ಷರ ಆಚೀಚೆ ಆಗದಂತೆ ಹಾಕಿಸಿ. ಆಗ ಎಲ್ಲವೂ ತಾನಾಗಿ ಸೇರಿಕೊಳ್ಳುತ್ತವೆ. ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೊನೆಗೆ 5G ಅಂತ ಸೇರಿದ ಇನ್ನೊಂದು ಹೆಸರು ಕಂಡರೆ ಗಾಬರಿ ಬೇಡ. ಬಹುಪಾಲು ಅದು ನಿಮ್ಮ ರೂಟರಿನದೇ ಎರಡನೇ ಅಲೆ, ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ.

ಪಕ್ಕದವರಿಗೆ ಹೇಳೋದು ಹೇಗೆ?

ಪತ್ರ ಬರೆದವರಿಗೆ ಇದೇ ದೊಡ್ಡ ಚಿಂತೆ. "ಭಾವನವರ ಮನೆ ವೈಫೈಗೆ ನಮ್ ಹುಡ್ಗಿ ಫೋನು ಹೋಗ್ತಿತ್ತು ಅಂದ್ರೆ, ಇವ್ರು ನಮ್ ನೆಟ್ಟು ಕದೀತಿದ್ರು ಅಂದ್ಕೋತಾರೋ ಏನೋ" ಅಂದರು. ರೀಚಾರ್ಜ್ ಇಲ್ಲದ ನೆಟ್ ಕದಿಯಲು ಏನೂ ಇಲ್ಲ ಅಂತ ನಗುತ್ತಾ ಹೇಳಿದೆ. ಆದರೂ ಹೇಳಲೇಬೇಕು. ಇವರ ಅನುಕೂಲಕ್ಕಿಂತ ಅವರ ಅನುಕೂಲಕ್ಕೆ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ಆದಾಗ, ಅದರ ಹೊಣೆ ಹೊತ್ತ ಇಮೇಲ್ ಒಂದು ಮಾಧ್ಯಮದವರಿಗೆ ಬಂದಿತ್ತು. ಅದು ಎಲ್ಲಿಂದ ಬಂತು ಅಂತ ಹುಡುಕಿದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ನರ ಮನೆಗೆ. ಅವರ ವೈಫೈಗೆ ಸರಿಯಾದ ಭದ್ರತೆ ಇರಲಿಲ್ಲ, ಬೇರೆಯವರು ಅದನ್ನು ಬಳಸಿ ಇಮೇಲ್ ಕಳಿಸಿದ್ದರು. ಅಷ್ಟಕ್ಕೇ ಆ ಮನುಷ್ಯ ವಿಚಾರಣೆ ಎದುರಿಸಬೇಕಾಯಿತು. ಅದಾದ ಮೇಲೆ 2009ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಗ್ರಾಹಕರ ವೈಫೈ ಭದ್ರವಾಗಿರಬೇಕು ಅಂತ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಓಪನ್ ಬಿಟ್ಟ ವೈಫೈಯಿಂದ ಏನು ನಡೆದರೂ ಮೊದಲು ಬಾಗಿಲು ತಟ್ಟುವುದು ಲೈನ್ ಯಾರ ಹೆಸರಲ್ಲಿದೆಯೋ ಅವರ ಮನೆಯದು. ನಾಳೆ ಮಗ ಊರಿಗೆ ಬಂದು ರೀಚಾರ್ಜ್ ಮಾಡಿಸಿದ ದಿನ ಭಾವನವರ ಮನೆಯದೂ ಅದೇ ಸ್ಥಿತಿ.

ಇವರು ಹೋಗಿ ಓರಗಿತ್ತಿಯ ಹತ್ತಿರ ಹೇಳಿದ್ದು ಇಷ್ಟೇ: "ಅಕ್ಕ, ಮದ್ವೇಲಿ ತೆಗ್ದಿದ್ದ ಪಾಸ್‌ವರ್ಡು ಇನ್ನೂ ಹಂಗೇ ಅದೆ. ಬೀದೀಲಿ ನಿಂತವ್ರೂ ಸೇರ್ಕೋಬೋದು. ನೆಟ್ಟೂ ಇಲ್ಲ, ಸುಮ್ನೆ ಕರೆಂಟ್ ಉರೀತದೆ, ಸ್ವಿಚ್ ಆರ್ಸಿ." ಅವರು ಅಂದೇ ರೂಟರ್ ಆರಿಸಿದರು. ಮುಂದಿನ ಸಲ ಮಗ ಬಂದಾಗ ಪಾಸ್‌ವರ್ಡ್ ಹಾಕುತ್ತೇನೆ ಅಂದಿದ್ದಾನಂತೆ. ಪಾಸ್‌ವರ್ಡ್ ಬಿದ್ದರೆ ಇನ್ನೊಂದು ಉಪಕಾರವೂ ಉಂಟು. ಮದುವೆಗೆ ಬಂದು ಓಪನ್ ಆಗಿ ಸೇರಿಸಿಕೊಂಡ ಊರಿನ ಫೋನುಗಳಿಗೆಲ್ಲ ಆ ಹೆಸರು ಇನ್ನು ಹಳೆಯದಲ್ಲ, ಬೇರೆಯದು. ಅವು ತಾವಾಗಿ ಸೇರುವುದು ನಿಲ್ಲುತ್ತದೆ.

ಇದು ಅಲ್ಲದೇ ಬೇರೆ ಇದ್ದರೆ

ವೈಫೈ ಗುರುತಿದ್ದು ನೆಟ್ ಇಲ್ಲ ಅಂದಾಗಲೆಲ್ಲ ಪಕ್ಕದ ಮನೆಯನ್ನೇ ದೂರುವುದೂ ಸರಿಯಲ್ಲ. ಹೆಸರು ಅಕ್ಷರಕ್ಕೆ ಅಕ್ಷರ ನಿಮ್ಮದೇ ಇದ್ದು, ಸ್ವಿಚ್ ಪರೀಕ್ಷೆಯಲ್ಲಿ ಗುರುತು ಮಾಯವಾಗಿ, ಮನೆಯ ಎಲ್ಲ ಫೋನಿಗೂ ನೆಟ್ ಇಲ್ಲದಿದ್ದರೆ ತೊಂದರೆ ಲೈನಿನಲ್ಲೋ ರೀಚಾರ್ಜಿನಲ್ಲೋ ಇದೆ. ಫೈಬರ್ ರೂಟರಿನಲ್ಲಿ LOS ಅಂತ ಬರೆದ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ತಂತಿಯ ಬೆಳಕು ಮನೆವರೆಗೆ ಬರುತ್ತಿಲ್ಲ, ಎಲ್ಲೋ ಕತ್ತರಿಸಿದೆ. ಆಪರೇಟರ್ ಬರಲೇಬೇಕು. ಕೆಂಪು ದೀಪ ಇಲ್ಲದೆಯೂ ನೆಟ್ ಇಲ್ಲದಿದ್ದರೆ ರೀಚಾರ್ಜ್ ದಿನಾಂಕ ನೋಡಿ.

ಒಟ್ಟಿನಲ್ಲಿ ಕ್ರಮ ಹೀಗಿರಲಿ. ಮೊದಲು ಪಕ್ಕದಲ್ಲಿರುವವರ ಫೋನು ನೋಡಿ, ಆಮೇಲೆ ಹೆಸರು ಓದಿ, ಆಮೇಲೆ ಸ್ವಿಚ್ ಆರಿಸಿ ನೋಡಿ, ಆಮೇಲೆ ದೀಪ ನೋಡಿ. ಮೊದಲ ಮೂರರಲ್ಲೇ ಉತ್ತರ ಸಿಕ್ಕರೆ ಆಪರೇಟರ್ ಹುಡುಗನಿಗೆ ಫೋನ್ ಮಾಡುವ ಅಗತ್ಯವಿಲ್ಲ.

ಬಿಳಿಗೆರೆಯಿಂದ ಕೊನೆಗೆ ಬಂದ ಸಂದೇಶ: ಕಳೆದ ವಾರ ಮೂರು ಸಲ ಕರೆಂಟ್ ಹೋಯಿತಂತೆ. ಮೂರು ಸಲವೂ ಮಗಳ ಫೋನು ಸಿಮ್ ಡೇಟಾಕ್ಕೆ ಹೋಗಿ, ರೂಟರ್ ಎದ್ದ ಮೇಲೆ ತಾನಾಗಿ Nerale_mara ಹಿಡಿದುಕೊಂಡಿದೆ. ನಿಮ್ಮ ಮನೆಯ ಫೋನಿನ ಪಟ್ಟಿಯಲ್ಲಿ ಬೀಗವಿಲ್ಲದ ಹೆಸರು ಎಷ್ಟಿವೆ ಅಂತ ನೋಡಿ ಬರೆದು ತಿಳಿಸಿ. ಮನೆ ಬದಲಾಯಿಸಿದವರಿಗೆ ಹಳೆಯ ಬೀದಿಯ ಹೆಸರುಗಳೂ ಸಿಗುತ್ತವೆ.